ಎಡ್ಮಂಟನ್‌ನ ಚಳಿಗೆ ದೊಡ್ಡಬಳ್ಳಾಪುರದ ಒದ್ದೆ ಗೋಣಿಚೀಲ

ಕಳೆದ ಡಿಸೆಂಬರ್‌ನ ಒಂದು ರಾತ್ರಿ ನೆಲಮಂಗಲದ ಚಿಕ್ಕಪ್ಪನ ಮಗಳು ವಿಡಿಯೋ ಕಾಲ್ ಮಾಡಿದಳು. ನಮಗೆ ರಾತ್ರಿ ಒಂಬತ್ತೂವರೆ, ಅವಳಿಗೆ ಬೆಳಿಗ್ಗೆ ಒಂಬತ್ತು. ಕೆನಡಾದ ಎಡ್ಮಂಟನ್‌ನಲ್ಲಿ ಮಾಸ್ಟರ್ಸ್ ಓದೋಕೆ ಹೋಗಿ ನಾಲ್ಕು ತಿಂಗಳಾಗಿತ್ತು. ಹಲೋ ಕೂಡ ಹೇಳದೆ, "ಅಕ್ಕಾ, ಇಲ್ನೋಡು" ಅಂತ ತಲೆ ಮೇಲಿದ್ದ ಟೋಪಿ ತೆಗೆದಳು. ಚಟಪಟ ಅಂತ ಸದ್ದು ನನಗೇ ಕೇಳಿಸಿತು. ಕೂದಲು ಒಂದೊಂದೂ ಒಂದೊಂದು ದಿಕ್ಕಿಗೆ ಎದ್ದು ನಿಂತಿತು. ನಾನು ನಕ್ಕುಬಿಟ್ಟೆ.

"ನಗಬೇಡ ಕಣೆ. ನೆತ್ತಿ ತಮಟೆಗೆ ಚರ್ಮ ಬಿಗಿದಂಗೆ ಬಿಗೀತಾ ಇದೆ. ರಾತ್ರಿ ನಿದ್ದೆ ಇಲ್ಲ. ದಿನಾ ಅಮ್ಮ ಕಳಿಸಿದ ಎಣ್ಣೆ ಹಚ್ತೀನಿ, ಇನ್ನೂ ಜಾಸ್ತಿ ಆಗ್ತಿದೆ. ಶನಿವಾರ ಹೋಗಿ ಎಲ್ಲಾ ಕತ್ತರಿಸಿಕೊಂಡು ಬಂದುಬಿಡ್ತೀನಿ. ಅಮ್ಮನಿಗೆ ನೀನೇ ಹೇಳಬೇಕು."

ಅವಳ ಕೂದಲು ಸೊಂಟದವರೆಗಿದೆ. ದೇವನಹಳ್ಳಿಯ ಏರ್‌ಪೋರ್ಟ್‌ಗೆ ಹೊರಡುವ ದಿನವೂ ಚಿಕ್ಕಮ್ಮನೇ ಕೂರಿಸಿಕೊಂಡು ಜಡೆ ಹಾಕಿದ್ದರು. ಕತ್ತರಿಸಬಾರದು ಅಂತೇನಿಲ್ಲ, ಅವಳ ತಲೆ, ಅವಳಿಷ್ಟ. ಆದರೆ ಬೇಡದೇ ಇದ್ದರೂ ಬೇಸತ್ತು ಕತ್ತರಿಸಿಕೊಳ್ಳೋದು ಬೇರೆ. ಅದಕ್ಕೇ, "ಎರಡು ವಾರ ಟೈಮ್ ಕೊಡು, ಆಮೇಲೆ ನಿನ್ನಿಷ್ಟ" ಅಂದೆ. ಯಾಕಂದ್ರೆ 2018ರಲ್ಲಿ ಅಮೆರಿಕದ ಬಫಲೊ ಊರಲ್ಲಿ ಇದೇ ನಾಟಕ ನನ್ನ ತಲೆ ಮೇಲೂ ನಡೆದಿತ್ತು. ಇದರ ಕಾರಣ ನನಗೆ ಅರ್ಥವಾಗಿದ್ದು ಯಾವ ಬ್ಯೂಟಿ ವಿಡಿಯೋದಿಂದಲೂ ಅಲ್ಲ, ನಮ್ಮಪ್ಪನಿಂದ.

ಮಗ್ಗದ ಮನೆಯ ಪಾಠ

ನಾವು ದೊಡ್ಡಬಳ್ಳಾಪುರದವರು. ಮನೆಯ ಹಿಂದೆ ನಾಲ್ಕು ಪವರ್‌ಲೂಮ್. ಸೀರೆ ನೇಯೋದೇ ಅಪ್ಪನ ಕೆಲಸ. ಮಾರ್ಚ್ ಬಂತೆಂದರೆ ಮಧ್ಯಾಹ್ನದ ಹೊತ್ತು ಅಪ್ಪನಿಗೆ ತಲೆನೋವು. ಗಾಳಿ ಒಣಗಿದಾಗ ಹಾಸಿನ ಎಳೆಗಳು ಪಟ್ ಪಟ್ ಅಂತ ಕಡಿದುಹೋಗುತ್ತವೆ. ಪಾಲಿಯೆಸ್ಟರ್ ಎಳೆಯಾದರೆ ಇನ್ನೊಂದು ಕಾಟ, ನೂಲು ನೂಲನ್ನೇ ತಳ್ಳಿಕೊಂಡು ಅಗಲವಾಗುತ್ತೆ, ಕೈಗೆ ಬಂದು ಅಂಟಿಕೊಳ್ಳುತ್ತೆ. ಆಗ ಅಪ್ಪ ನೆಲಕ್ಕೆ ನೀರು ಚಿಮುಕಿಸಿ, ಗೋಣಿಚೀಲ ನೆನೆಸಿ ಕಿಟಕಿಗೆ ನೇತುಹಾಕೋರು. ತಾತನ ಕಾಲದಲ್ಲಿ ಮಗ್ಗವನ್ನ ಗುಂಡಿಯಲ್ಲೇ ಇಳಿಸಿ ಕೂರಿಸುತ್ತಿದ್ದರು. ನೆಲದ ತಂಪು ಹಾಸಿಗೆ ತಾಗಲಿ ಅನ್ನೋದೂ ಅದಕ್ಕೊಂದು ಕಾರಣ.

ಬಫಲೊದಿಂದ ಫೋನ್ ಮಾಡಿ ಕೂದಲಿನ ಗೋಳು ಹೇಳಿಕೊಂಡಾಗ ಅಪ್ಪ ಕೇಳಿದ್ದು ಒಂದೇ ಮಾತು: "ರೂಮಲ್ಲಿ ನೀರಿನ ಪಸೆ ಐತೇನವ್ವ?"

ಆಗ ಅದು ಹಳ್ಳಿ ಮಾತು ಅನ್ನಿಸಿತ್ತು. ಆದರೆ ಕೂದಲು ಮತ್ತು ರೇಷ್ಮೆ ಎರಡೂ ಪ್ರೋಟೀನ್ ಎಳೆಗಳೇ. ಎರಡೂ ಸುತ್ತಲಿನ ಗಾಳಿಯಿಂದ ನೀರು ಹೀರಿಕೊಳ್ಳುತ್ತವೆ, ಗಾಳಿ ಒಣಗಿದರೆ ವಾಪಸ್ ಕೊಟ್ಟುಬಿಡುತ್ತವೆ. ನಮ್ಮೂರಿನ ಹಿತವಾದ ದಿನ, ಅಂದರೆ ಗಾಳಿಯ ತೇವಾಂಶ ಶೇ 65ರ ಹತ್ತಿರ ಇದ್ದಾಗ, 100 ಗ್ರಾಂ ಒಣ ರೇಷ್ಮೆ ಸುಮಾರು 11 ಗ್ರಾಂ ನೀರು ಹಿಡಿದಿಟ್ಟುಕೊಂಡಿರುತ್ತೆ. ಕೂದಲು ಇನ್ನೂ ಸ್ವಲ್ಪ ಜಾಸ್ತಿ, 15 ಗ್ರಾಂ ಹತ್ತಿರ. ಪಾಲಿಯೆಸ್ಟರ್ ಅರ್ಧ ಗ್ರಾಂ ಕೂಡ ಹಿಡಿಯಲ್ಲ. ತೇವಾಂಶ ಶೇ 20ಕ್ಕೆ ಇಳಿದರೆ ಕೂದಲಿನ ನೀರೂ ಅರ್ಧಕ್ಕೆ ಅಥವಾ ಅದಕ್ಕೂ ಕೆಳಗೆ ಇಳಿಯುತ್ತೆ.

ಆ ನೀರೇ ಕರೆಂಟ್ ಹರಿದುಹೋಗುವ ದಾರಿ. ಬಾಚಣಿಗೆ ಎಳೆದಾಗ, ಟೋಪಿ ತೆಗೆದಾಗ, ದಿಂಬಿನ ಮೇಲೆ ಹೊರಳಿದಾಗ ಉಜ್ಜಾಟದಿಂದ ಕೂದಲಲ್ಲಿ ಚಾರ್ಜ್ ಹುಟ್ಟುತ್ತೆ. ಬೆಂಗಳೂರಿನಲ್ಲಿ ಹುಟ್ಟಲ್ಲ ಅಂತಲ್ಲ, ಅಲ್ಲೂ ಹುಟ್ಟುತ್ತೆ, ಆದರೆ ಕೂದಲಿನ ತೇವದ ಮೂಲಕ ಕ್ಷಣದಲ್ಲಿ ಇಳಿದುಹೋಗುತ್ತೆ. ಒಣಗಿದ ಕೂದಲಲ್ಲಿ ಇಳಿಯೋಕೆ ದಾರಿಯಿಲ್ಲ. ಎಲ್ಲಾ ಎಳೆಗಳಲ್ಲೂ ಒಂದೇ ಜಾತಿಯ ಚಾರ್ಜ್ ನಿಂತುಬಿಡುತ್ತೆ. ಒಂದನ್ನೊಂದು ತಳ್ಳಿಕೊಂಡು ನೆಟ್ಟಗೆ ನಿಲ್ಲುತ್ತವೆ, ಅಪ್ಪನ ಪಾಲಿಯೆಸ್ಟರ್ ಹಾಸಿನ ಥರಾನೇ.

ಹೊರಗೆ ಹಿಮ, ಒಳಗೆ ಒಣಗಾಳಿ

"ಹೊರಗೆ ಎಲ್ಲಾ ಕಡೆ ಹಿಮ ಬಿದ್ದಿದೆ, ಗಾಳಿ ಹೇಗೆ ಒಣಗಿರುತ್ತೆ?" ಅಂತ ತಂಗಿ ಕೇಳಿದಳು. ನನಗೂ ಮೊದಲ ವರ್ಷ ಇದೇ ಗೊಂದಲ. ಲೆಕ್ಕ ಸುಲಭ. ಮೈನಸ್ 10 ಡಿಗ್ರಿಯ ಒಂದು ಘನ ಮೀಟರ್ ಗಾಳಿಗೆ ಹೆಚ್ಚೆಂದರೆ 2 ಗ್ರಾಂ ಚಿಲ್ಲರೆ ನೀರಾವಿ ಹಿಡಿಯುವ ತಾಕತ್ತು. ಅದೇ ಗಾಳಿ ರೂಮಿಗೆ ಬಂದು ಹೀಟರ್‌ನಿಂದ 22 ಡಿಗ್ರಿಗೆ ಕಾಯುತ್ತೆ. 22 ಡಿಗ್ರಿಯ ಗಾಳಿಗೆ 19 ಗ್ರಾಂ ಹಿಡಿಯುವಷ್ಟು ಹಸಿವು. ಸಿಕ್ಕಿರೋದು ಮಾತ್ರ 2 ಗ್ರಾಂ. ಹತ್ತರಲ್ಲೊಂದು ಪಾಲು! ಎಡ್ಮಂಟನ್‌ನ ಮೈನಸ್ 25ರಲ್ಲಂತೂ ಒಂದು ಗ್ರಾಮೂ ಇರಲ್ಲ. ಅಡುಗೆ, ಸ್ನಾನ, ನಮ್ಮ ಉಸಿರು ಸೇರಿ ಸ್ವಲ್ಪ ತುಂಬಿಕೊಡುತ್ತೆ ಅಷ್ಟೆ. ಉಳಿದ ಹಸಿವನ್ನ ಆ ಗಾಳಿ ಎಲ್ಲಿಂದ ತೀರಿಸಿಕೊಳ್ಳಬೇಕು? ನಮ್ಮ ತುಟಿ, ಮೂಗಿನ ಒಳಗೆ, ಕೂದಲು, ನೆತ್ತಿ.

ಹಾಗಾಗಿ ತಂಗಿಗೆ ಮೊದಲು ಕೊಂಡುಕೊಳ್ಳೋಕೆ ಹೇಳಿದ್ದು ಸೀರಮ್ ಅಲ್ಲ, ತೇವಾಂಶ ಅಳೆಯುವ ಪುಟ್ಟ ಮೀಟರ್. ಹೈಗ್ರೋಮೀಟರ್ ಅಂತಾರೆ, ಹತ್ತು-ಹದಿನೈದು ಡಾಲರ್. ಹಾಸಿಗೆ ಪಕ್ಕ ಇಟ್ಟಳು. ಶೇ 17 ತೋರಿಸಿತು.

"ಈಗ ಒಂದು ಸ್ನಾನದ ಟವೆಲ್ ನೆನೆಸಿ, ನೀರು ತೊಟ್ಟಿಕ್ಕದ ಹಾಗೆ ಹಿಂಡಿ, ಮಲಗೋ ಮುಂಚೆ ಕುರ್ಚಿ ಮೇಲೆ ಬಿಚ್ಚಿ ಹಾಕು. ಬಾಗಿಲು ಮುಚ್ಚಿರಲಿ" ಅಂದೆ. ಅವಳು ಸೈನ್ಸ್ ಹುಡುಗಿ, ಕಿಚನ್ ತಕ್ಕಡಿಯಲ್ಲಿ ರಾತ್ರಿ ಒಮ್ಮೆ, ಬೆಳಿಗ್ಗೆ ಒಮ್ಮೆ ಟವೆಲ್ ತೂಗಿದಳು. 380 ಗ್ರಾಂ ಕಮ್ಮಿಯಾಗಿತ್ತು. ಅಷ್ಟೂ ನೀರು ಅವಳ ರೂಮಿನ ಗಾಳಿಗೆ ಹೋಗಿದೆ. ಮೀಟರ್ ಶೇ 29 ತೋರಿಸುತ್ತಿತ್ತು. ಅವಳ ರೂಮು ಹತ್ತಡಿ-ಹದಿಮೂರಡಿ, ಅದಕ್ಕೆ ಸಾಕಾಯ್ತು. ದೊಡ್ಡ ಹಾಲ್‌ನಲ್ಲಿ, ಅಥವಾ ಬಾಗಿಲು ತೆರೆದಿಟ್ಟುಕೊಂಡರೆ ಒಂದು ಟವೆಲ್‌ನಿಂದ ಮೀಟರ್ ಅಲುಗಾಡಲ್ಲ, ನಿರಾಸೆಯಾಗುತ್ತೆ.

ನಿಮಗೆ ಟವೆಲ್ ರಗಳೆ ಬೇಡ ಅನ್ನಿಸಿದರೆ ಹ್ಯೂಮಿಡಿಫೈಯರ್ ತಗೊಳ್ಳಿ, ನಾನೂ ಎರಡನೇ ವರ್ಷ ತಗೊಂಡೆ. ಬತ್ತಿ ಮತ್ತು ಫ್ಯಾನ್ ಇರೋದು ಒಳ್ಳೆಯದು. ಮಂಜಿನಂತೆ ಹೊಗೆ ಬಿಡುವ ಅಲ್ಟ್ರಾಸಾನಿಕ್ ಯಂತ್ರಕ್ಕೆ ನಲ್ಲಿಯ ಗಡಸು ನೀರು ಹಾಕಿದರೆ ಲ್ಯಾಪ್‌ಟಾಪ್ ಮೇಲೆಲ್ಲಾ ಸುಣ್ಣದ ಬಿಳಿ ಧೂಳು ಕೂರುತ್ತೆ, ಅದಕ್ಕೆ ಡಿಸ್ಟಿಲ್ಡ್ ನೀರೇ ಬೇಕು. ಯಾವುದಾದರೂ ನೀರನ್ನ ದಿನಾ ಚೆಲ್ಲಿ ತೊಳೆಯಬೇಕು, ಇಲ್ಲದಿದ್ದರೆ ಪಾಚಿ-ಬೂಷ್ಟಿನ ಗಾಳಿ ಉಸಿರಾಡಬೇಕಾಗುತ್ತೆ.

ಎಷ್ಟು ತೇವಾಂಶ ಬೇಕು? ಶೇ 30ರಿಂದ 40 ಸಾಕು. ನಮ್ಮೂರಿನ 65 ಬೇಕು ಅಂತ ಹಟ ಹಿಡಿಯಬೇಡಿ. ಕಿಟಕಿ ಗಾಜೇ ಇಲ್ಲಿ ಮೇಷ್ಟ್ರು: ಒಳಮೈಯಲ್ಲಿ ನೀರು ಇಳಿಯೋಕೆ, ಹಿಮ ಕಟ್ಟೋಕೆ ಶುರುವಾದರೆ ಜಾಸ್ತಿಯಾಯ್ತು ಅಂತರ್ಥ. ಹಾಗೇ ಬಿಟ್ಟರೆ ಕಿಟಕಿ ಚೌಕಟ್ಟಿಗೆ ಬೂಷ್ಟು ಹಿಡಿದು ಬಾಡಿಗೆ ಡೆಪಾಸಿಟ್‌ಗೆ ಕತ್ತರಿ ಬೀಳುತ್ತೆ. ಎಡ್ಮಂಟನ್‌ನಂಥ ಕಡೆ ತೀರಾ ಚಳಿಯ ದಿನ ಶೇ 25-30ಕ್ಕೇ ನಿಲ್ಲಿಸಬೇಕಾಗುತ್ತೆ. ಹೀಟರ್ 22ರ ಬದಲು 20ಕ್ಕೆ ಇಳಿಸಿದರೂ ಅಷ್ಟೇ ನೀರಾವಿಗೆ ತೇವಾಂಶದ ಪಾಲು ಜಾಸ್ತಿಯಾಗುತ್ತೆ, ಖರ್ಚೂ ಇಲ್ಲ.

ಕೂದಲಿಗೆ ಏನು ಮಾಡಬೇಕು

ರೂಮು ಸರಿಹೋದರೂ ಕ್ಲಾಸು, ಬಸ್ಸು, ಲೈಬ್ರರಿ ನಮ್ಮ ಕೈಲಿಲ್ಲವಲ್ಲ. ಅಲ್ಲಿಗೆ ಕೂದಲೇ ಸಿದ್ಧವಾಗಿ ಹೋಗಬೇಕು.

ನಮ್ಮ ಮನೆಗಳಲ್ಲಿ ಕಂಡೀಷನರ್ ಅಂದರೆ ಶೋಕಿ ಅನ್ನುವ ಭಾವನೆ. ನಾನು ಬಫಲೊಗೆ ಹೋಗುವಾಗ ಸೀಗೆಪುಡಿ ಎರಡು ಕೇಜಿ ಒಯ್ದಿದ್ದೆ, ಕಂಡೀಷನರ್ ಒಂದು ಹನಿ ಇಲ್ಲ! ನಿಜದಲ್ಲಿ ಒಣಗಾಳಿಯ ಊರಿನಲ್ಲಿ ಸ್ಟ್ಯಾಟಿಕ್‌ಗೆ ಮೊದಲ ಮದ್ದು ಅದೇ. ಸವೆದ ಕೂದಲಿನ ಮೇಲ್ಮೈಯಲ್ಲಿ ನೆಗೆಟಿವ್ ಚಾರ್ಜ್‌ನ ಜಾಗಗಳಿರುತ್ತವೆ. ಕಂಡೀಷನರ್‌ನ ಮುಖ್ಯ ವಸ್ತುವಿಗೆ ಒಂದು ತುದಿಯಲ್ಲಿ ಪಾಸಿಟಿವ್ ಚಾರ್ಜ್, ಇನ್ನೊಂದು ತುದಿ ಕೊಬ್ಬಿನಂಥ ಬಾಲ. ಪಾಸಿಟಿವ್ ತುದಿ ಕೂದಲನ್ನ ಕಚ್ಚಿಕೊಳ್ಳುತ್ತೆ, ಬಾಲ ಹೊರಗೆ ಮಲಗುತ್ತೆ. ತೊಳೆದರೂ ಪೂರ್ತಿ ಹೋಗಲ್ಲ. ಎಳೆ ಎಳೆಗೆ ಜಾರು ಬರುತ್ತೆ, ಉಜ್ಜಾಟ ಕಮ್ಮಿ, ಚಾರ್ಜೂ ಕಮ್ಮಿ. ಬಾಟಲಿ ಹಿಂದೆ ಬೆಹೆನ್‌ಟ್ರಿಮೋನಿಯಂ ಅಥವಾ ಸೆಟ್ರಿಮೋನಿಯಂ ಕ್ಲೋರೈಡ್ ಅನ್ನುವ ಹೆಸರು ಮೇಲಿನ ಸಾಲುಗಳಲ್ಲಿದ್ದರೆ ಸಾಕು, ಮೂರು ಡಾಲರ್‌ದೂ ಒಂದೇ, ಮೂವತ್ತು ಡಾಲರ್‌ದೂ ಹೆಚ್ಚುಕಮ್ಮಿ ಒಂದೇ.

ಹಚ್ಚುವ ಜಾಗ ಮುಖ್ಯ. ಶಾಂಪೂ ನೆತ್ತಿಗೆ, ಕಂಡೀಷನರ್ ಕಿವಿಯಿಂದ ಕೆಳಗಿನ ಕೂದಲಿಗೆ. ತಂಗಿಯ ಸೊಂಟದುದ್ದದ ಕೂದಲಿಗೆ ಎರಡು ದೊಡ್ಡ ಚಮಚ ಬೇಕಾಗುತ್ತೆ. ಎರಡು ನಿಮಿಷ ಬಿಟ್ಟು, ಅದರಲ್ಲೇ ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಮೇಲಕ್ಕೆ ಸಿಕ್ಕು ಬಿಡಿಸಿ, ಆಮೇಲೆ ತೊಳೆಯೋದು. ಒಣಗಿದ ಮೇಲೆ ಬಾಚುವ ಕೆಲಸ ಅರ್ಧಕ್ಕರ್ಧ ಉಳಿಯುತ್ತೆ. ಒದ್ದೆ ಕೂದಲು ರಬ್ಬರ್‌ನಂತೆ ಹಿಗ್ಗಿ ಬೇಗ ಕಡಿಯುತ್ತೆ, ಹಾಗಾಗಿ ಎಳೆದಾಡಬಾರದು, ಒದ್ದೆ ತಲೆಯಲ್ಲಿ ಬಸ್‌ಸ್ಟಾಪ್‌ಗೆ ಓಡಲೂಬಾರದು.

ಪ್ಲಾಸ್ಟಿಕ್ ಬಾಚಣಿಗೆ ಬಿಟ್ಟು ಮರದ್ದು ಹಿಡಿಯಿರಿ. ಜಾತ್ರೆಯಲ್ಲಿ ಸಿಗುವ ಮರದ ಬಾಚಣಿಗೆ ಸೂಟ್‌ಕೇಸಿನಲ್ಲಿ ಎಷ್ಟು ಜಾಗ ತಿನ್ನುತ್ತೆ ಹೇಳಿ.

ಟೋಪಿಯ ವಿಷಯಕ್ಕೆ ಬರೋಣ. ತಂಗಿಯದ್ದು ಫ್ಲೀಸ್ ಟೋಪಿ, ಅಂದರೆ ಶುದ್ಧ ಪಾಲಿಯೆಸ್ಟರ್. ಅದೇ ದೊಡ್ಡ ಕಳ್ಳ. ಚಿಕ್ಕಮ್ಮ ನಮ್ಮ ಮನೆಯಿಂದ ಹಳೇ ರೇಷ್ಮೆ ಸೀರೆಯ ಸೆರಗು ತಗೊಂಡು ಹೋಗಿ, ಟೋಪಿ ಅಳತೆಯ ಒಳಪದರ ಹೊಲಿದು ಕೊರಿಯರ್ ಮಾಡಿದರು. ರೇಷ್ಮೆಗೆ ಸ್ಟ್ಯಾಟಿಕ್ ಬರೋದೇ ಇಲ್ಲ ಅಂತಲ್ಲ, ಆದರೆ ಕೂದಲ ಮೇಲೆ ಜಾರುತ್ತೆ, ಸ್ವಲ್ಪ ತೇವವನ್ನೂ ಹಿಡಿದಿರುತ್ತೆ. ಅಂಗಡಿಯಲ್ಲಿ 'ಸ್ಯಾಟಿನ್ ಲೈನಿಂಗ್' ಅಂತ ಮಾರೋದು ಬಹಳಷ್ಟು ಸಲ ಪಾಲಿಯೆಸ್ಟರೇ, ಲೇಬಲ್ ಓದಿ. ರೇಷ್ಮೆ ಇಲ್ಲದಿದ್ದರೆ ಮೆತ್ತಗಿನ ಹತ್ತಿ ಬಟ್ಟೆಯೂ ಆಗುತ್ತೆ.

ಇಂಟರ್‌ವ್ಯೂಗೆ ಐದು ನಿಮಿಷ ಇದೆ, ಕೂದಲು ಎದ್ದು ನಿಂತಿದೆ ಅಂದರೆ? ಕೈ ಒದ್ದೆ ಮಾಡಿ ಸವರಿ, ಅಥವಾ ಕೈಗೆ ಹಚ್ಚುವ ಲೋಷನ್ ಅವರೆಕಾಳಿನಷ್ಟು ಅಂಗೈಯಲ್ಲಿ ಉಜ್ಜಿ ಮೇಲೆ ಮೇಲೆ ಸವರಿ. ಬರೀ ನೀರಾದರೆ ಹತ್ತು ನಿಮಿಷ ಬಾಳಿಕೆ, ಲೋಷನ್ ಒಂದೆರಡು ಗಂಟೆ. ನನ್ನ ರೂಮ್‌ಮೇಟ್ ಬಟ್ಟೆ ಡ್ರೈಯರ್‌ಗೆ ಹಾಕುವ ಹಾಳೆಯನ್ನೇ ತಲೆಗೆ ಉಜ್ಜೋಳು. ಕೆಲಸ ಮಾಡುತ್ತೆ, ಅದರಲ್ಲೂ ಕಂಡೀಷನರ್ ಜಾತಿಯ ವಸ್ತುವೇ ಇದೆ. ಆದರೆ ಸೆಂಟು ಜಾಸ್ತಿ, ಮೊದಲೇ ಉರಿಯುವ ನೆತ್ತಿಗೆ ತಾಗಿಸಬೇಡಿ.

ನೆತ್ತಿಯ ಬಿಗಿತ, ಮತ್ತು ನಾನು ಮಾಡಿದ ತಪ್ಪು

ಇಲ್ಲಿ ನನ್ನ ಕಥೆ ಹೇಳಲೇಬೇಕು. ಬಫಲೊದಲ್ಲಿ ನೆತ್ತಿ ಬಿಗಿದು ಬಿಳಿ ಪುಡಿ ಉದುರಲು ಶುರುವಾದಾಗ ಅಮ್ಮ, "ಒಣಗಿದೆ, ಎಣ್ಣೆ ಹಚ್ಚು" ಅಂದರು. ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತೆ. ರೂಮಿನ ಬಾಟಲಿ ಕಲ್ಲಿನಂತಿತ್ತು. ಬಿಸಿನೀರಿನ ಮಗ್‌ನಲ್ಲಿಟ್ಟು ಕರಗಿಸಿ ರಾತ್ರಿ ಹಚ್ಚಿ ಮಲಗುತ್ತಿದ್ದೆ. ಬೆಳಿಗ್ಗೆ ಚಳಿ ಅಂತ ಸುಡುಸುಡು ನೀರಲ್ಲಿ ಹದಿನೈದು ನಿಮಿಷ ಸ್ನಾನ, ಎಣ್ಣೆ ಹೋಗಲಿ ಅಂತ ಎರಡು ಸಲ ಶಾಂಪೂ. ದಿನಾ.

ಆರು ವಾರದಲ್ಲಿ ಬಿಳಿ ಪುಡಿ ಹೋಗಿ ಹಳದಿ ಜಿಡ್ಡಿನ ಪದರ ಬಂತು. ಹುಬ್ಬಿನಲ್ಲಿ, ಮೂಗಿನ ಪಕ್ಕದಲ್ಲಿ ಕೆಂಪಗಾಗಿ ಸಿಪ್ಪೆ ಎದ್ದಿತು. ಕ್ಯಾಂಪಸ್ ಡಾಕ್ಟರ್ ನೋಡಿದ ಕೂಡಲೇ ಹೇಳಿದರು, ಇದು ಒಣ ನೆತ್ತಿ ಅಲ್ಲ, ಸೆಬೊರಿಕ್ ಡರ್ಮಟೈಟಿಸ್. ಅಂದರೆ ನಮ್ಮ ತಲೆಹೊಟ್ಟಿನ ದೊಡ್ಡಣ್ಣ. ಎಲ್ಲರ ನೆತ್ತಿಯಲ್ಲೂ ಮಲಸೇಜಿಯಾ ಅನ್ನುವ ಶಿಲೀಂಧ್ರ ಇದ್ದೇ ಇರುತ್ತೆ. ಅದರ ಊಟ ಕೊಬ್ಬು. ನಾನು ರಾತ್ರಿಯಿಡೀ ಕೊಬ್ಬರಿ ಎಣ್ಣೆಯಲ್ಲಿ ಅದಕ್ಕೆ ಔತಣ ಹಾಕುತ್ತಿದ್ದೆ.

ಎರಡನ್ನೂ ಗುರುತಿಸೋದು ಹೀಗೆ. ಬರೀ ಒಣಗಿದ ನೆತ್ತಿಯಾದರೆ ಸ್ನಾನವಾದ ಅರ್ಧ ಗಂಟೆಗೆ ಬಿಗಿತ ಹೆಚ್ಚುತ್ತೆ, ಉದುರೋದು ಸಣ್ಣ ಬಿಳಿ ಒಣ ಪುಡಿ, ಕೈಕಾಲಿನ ಚರ್ಮವೂ ಒಡೆದಿರುತ್ತೆ, ನೆತ್ತಿ ಕೆಂಪಾಗಿರಲ್ಲ. ತಲೆಹೊಟ್ಟಾದರೆ ಪದರ ದೊಡ್ಡದು, ಜಿಡ್ಡು, ಹಳದಿ ಛಾಯೆ. ತುರಿಕೆ ಜಾಸ್ತಿ, ತಲೆ ತೊಳೆಯೋದು ತಡವಾದಷ್ಟೂ ಜೋರು. ಹುಬ್ಬು, ಮೂಗಿನ ಬದಿ, ಕಿವಿ ಹಿಂದೆ ನೋಡಿಕೊಳ್ಳಿ, ಅಲ್ಲೂ ಕಾಣಿಸಿಕೊಂಡಿದ್ದರೆ ಬಹುತೇಕ ಇದೇ.

ನನಗೆ ಕೊಟ್ಟಿದ್ದು ಕೀಟೊಕೊನಜೋಲ್ ಶಾಂಪೂ. ವಾರಕ್ಕೆರಡು ಸಲ, ನೆತ್ತಿಗೆ ಹಚ್ಚಿ ಐದು ನಿಮಿಷ ಬಿಟ್ಟು ತೊಳೆಯೋದು. ಆ ಐದು ನಿಮಿಷ ಬಿಡದೆ, "ಈ ಶಾಂಪೂ ಕೆಲಸ ಮಾಡಲಿಲ್ಲ" ಅನ್ನೋರೇ ಹೆಚ್ಚು. ನನಗೆ ನಾಲ್ಕು ವಾರ ಹಿಡಿಯಿತು. ಅಷ್ಟಾದರೂ ಇಳಿಯದಿದ್ದರೆ, ನೀರು ಸೋರಿದರೆ, ದಪ್ಪ ಬೆಳ್ಳಿ ಬಣ್ಣದ ಪದರ ಬಂದರೆ ಅಥವಾ ದುಂಡಗೆ ಕೂದಲು ಉದುರಿದರೆ ಅದು ಬೇರೆ ಕಾಯಿಲೆ ಇರಬಹುದು, ಡಾಕ್ಟರ್ ಬಳಿ ಹೋಗಿ.

ತಂಗಿಯ ನೆತ್ತಿಯನ್ನ ಕ್ಯಾಮೆರಾ ಹತ್ತಿರ ಹಿಡಿಸಿ ನೋಡಿದೆ. ಬಿಳಿ ಪುಡಿ, ಜಿಡ್ಡಿಲ್ಲ, ಹುಬ್ಬು ಚೆನ್ನಾಗಿತ್ತು. ಒಣ ನೆತ್ತಿಯೇ. ಅವಳದ್ದೂ ದಿನಾ ಬಿಸಿನೀರು, ದಿನಾ ಶಾಂಪೂ. ನೆತ್ತಿಯ ತೇವ ಆರದಂತೆ ಕಾಯೋದು ಚರ್ಮದ ಮೇಲ್ಪದರದ ಕೊಬ್ಬು. ಅದನ್ನ ಸುಡುನೀರು, ನೊರೆ ಜಾಸ್ತಿ ಬರುವ ಶಾಂಪೂ ದಿನಾ ಬಳಿದು ತೆಗೆದರೆ ಬಿಗಿಯದೆ ಇನ್ನೇನು? ರಾತ್ರಿ ಹಚ್ಚಿದ ಎಣ್ಣೆ ತೊಳೆಯೋಕೆ ಶಾಂಪೂ ಡಬಲ್ ಆಗಿದ್ದೇ ಅವಳ ಕೇಸಿನಲ್ಲಿ ಮುಖ್ಯ ಅಪರಾಧಿ.

ಹೊಸ ಪದ್ಧತಿ ಹೀಗೆ ಮಾಡಿಕೊಂಡಳು. ಬುಧವಾರ, ಭಾನುವಾರ ಮಾತ್ರ ತಲೆಸ್ನಾನ. ನೀರು ಉಗುರುಬೆಚ್ಚಗೆ, ಮೈಗೆ ಬೇಕಾದರೆ ಬಿಸಿ ಇರಲಿ, ತಲೆ ತೊಳೆಯುವಾಗ ತಣಿಸೋದು. ಸಲ್ಫೇಟ್ ಇಲ್ಲದ, ಸೆಂಟಿಲ್ಲದ ಶಾಂಪೂ ಒಂದೇ ಸಲ, ಬೆರಳ ತುದಿಯಿಂದ, ಉಗುರಿನಿಂದಲ್ಲ. ಕೊಬ್ಬರಿ ಎಣ್ಣೆಗೂ ಜಾಗ ಉಂಟು: ತೊಳೆಯುವ ಅರ್ಧ ಗಂಟೆ ಮುಂಚೆ ಒಂದು ಚಮಚ, ಕೂದಲಿನ ಉದ್ದಕ್ಕೆ ಮಾತ್ರ. ಅದು ಕೂದಲಿನೊಳಕ್ಕೆ ಇಳಿದು ತೊಳೆಯುವಾಗ ಆಗುವ ಪ್ರೋಟೀನ್ ನಷ್ಟ ಕಮ್ಮಿ ಮಾಡುತ್ತೆ ಅಂತ 2003ರಲ್ಲಿ ಪ್ರಕಟವಾದ ಭಾರತೀಯ ಸಂಶೋಧನೆಯೊಂದು ತೋರಿಸಿತ್ತು. ಹಾಗಾಗಿ ಅಮ್ಮಂದಿರು ಪೂರ್ತಿ ತಪ್ಪಲ್ಲ, ನೆತ್ತಿಯ ವಿಷಯದಲ್ಲಿ ಮತ್ತು ರಾತ್ರಿಯಿಡೀ ಬಿಡೋದರಲ್ಲಿ ಮಾತ್ರ ತಕರಾರು. (ಇದನ್ನ ಅಮ್ಮ ಓದುತ್ತಾರೆ, ಗೊತ್ತು.)

ಹುಡುಗರಿಗೂ ಒಂದು ಮಾತು. ಗಿಡ್ಡ ಕೂದಲಿನೋರಿಗೆ ಸ್ಟ್ಯಾಟಿಕ್ ಕಾಣಲ್ಲ, ನೆತ್ತಿಯ ಬಿಗಿತ ಮಾತ್ರ ಅಷ್ಟೇ ಇರುತ್ತೆ. ತಲೆಯಿಂದ ಕಾಲಿನವರೆಗೆ ಒಂದೇ ಸೋಪು ತಿಕ್ಕುವ ಅಭ್ಯಾಸವನ್ನ ದೇವನಹಳ್ಳಿಯಲ್ಲೇ ಬಿಟ್ಟು ವಿಮಾನ ಹತ್ತಿ.

ಎರಡು ವಾರಕ್ಕೆ ತಂಗಿಯ ಬಿಗಿತ ಇಳಿದಿತ್ತು. ಸ್ಟ್ಯಾಟಿಕ್ ಪೂರ್ತಿ ಹೋಗಲಿಲ್ಲ, ಮೈನಸ್ 30ರ ದಿನ ಬಸ್ಸಿಳಿದು ಕ್ಲಾಸಿಗೆ ಹೋದರೆ ಕಿವಿ ಪಕ್ಕದ ನಾಲ್ಕು ಕೂದಲು ಈಗಲೂ ಏಳುತ್ತವಂತೆ. ಜಡೆ ಹಾಕಿಕೊಂಡು ತುದಿಗೆ ಲೋಷನ್ ಸವರಿ ಹೋಗ್ತಾಳೆ. ಸಂಕ್ರಾಂತಿ ದಿನ ಮನೆಯವರ ಗ್ರೂಪ್‌ಗೆ ಫೋಟೋ ಹಾಕಿದ್ದಳು: ಕುರ್ಚಿ ಮೇಲೆ ಒದ್ದೆ ಟವೆಲ್, ಪಕ್ಕದಲ್ಲಿ ಮೀಟರ್, ಶೇ 31. ಅಪ್ಪ ಅದನ್ನ ಮಗ್ಗದ ಮನೆಯಲ್ಲಿ ಎಲ್ಲರಿಗೂ ತೋರಿಸಿದರು. ಚಿಕ್ಕಮ್ಮ ಈಗ ಅವಳ ಪಂಜಾಬಿ ರೂಮ್‌ಮೇಟ್‌ಗೆ ಎರಡನೇ ಟೋಪಿಯ ಒಳಪದರ ಹೊಲಿಯುತ್ತಿದ್ದಾರೆ, ಸೆರಗು ಇನ್ನೂ ಒಂದು ಗೇಣು ಮಿಕ್ಕಿದೆಯಂತೆ.